‘ಶೀಘ್ರದಲ್ಲೇ’ ಎಂದರೆ ಯಾವ ತಾರೀಖು?

ಪ್ರಶ್ನೆ: ನಮ್ಮದು ಪೀಣ್ಯದಲ್ಲಿ 38 ಜನರ ಮಷಿನ್ ಶಾಪ್. 2025ರ ಸೆಪ್ಟೆಂಬರ್ 10ರಂದು ಐಎಸ್ಒ 9001 ಆಡಿಟ್ ಆಯಿತು. ಅಂತಿಮ ತಪಾಸಣೆಯ ಮೇಜಿನ ಮೇಲಿದ್ದ ಒಂದು ಮೈಕ್ರೋಮೀಟರಿನ ಕ್ಯಾಲಿಬ್ರೇಶನ್ ಅವಧಿ ಮೇ 14ಕ್ಕೇ ಮುಗಿದಿತ್ತು ಎಂದು ಮೈನರ್ ಎನ್‌ಸಿ, ಅಂದರೆ ಸಣ್ಣ ಲೋಪವೆಂಬ ಷರಾ, ಬರೆದರು. ಐದೇ ದಿನದಲ್ಲಿ ಉತ್ತರ ಕಳುಹಿಸಿದೆ. ‘ಮೂಲ ಕಾರಣ ಇಲ್ಲ, ಮುಗಿಯುವ ದಿನಾಂಕ ಇಲ್ಲ’ ಎಂಬ ಷರಾದೊಂದಿಗೆ ವಾಪಸ್ ಬಂದಿದೆ. ಅಕ್ಟೋಬರ್ 10ರೊಳಗೆ ಮತ್ತೆ ಕಳುಹಿಸಬೇಕು. ಒಂದು ಮೈಕ್ರೋಮೀಟರಿನ ಬಗ್ಗೆ ಇನ್ನೆಷ್ಟು ಬರೆಯಲಿ? ಉತ್ತರದ ಪ್ರತಿ ಜೊತೆಗಿದೆ.
– ಗುಣಮಟ್ಟ ವಿಭಾಗದ ಮುಖ್ಯಸ್ಥರು, ಬೆಂಗಳೂರು

ಉತ್ತರ: ನೀವು ಇಂಗ್ಲಿಷಿನಲ್ಲಿ ಕಳುಹಿಸಿದ ಉತ್ತರವನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: ‘ದೋಷವನ್ನು ಗಮನಿಸಲಾಗಿದೆ. ಸಿಬ್ಬಂದಿಯ ನಿರ್ಲಕ್ಷ್ಯದಿಂದ ಹೀಗಾಗಿದೆ. ಸಂಬಂಧಪಟ್ಟವರಿಗೆ ತರಬೇತಿ ನೀಡಲಾಗುವುದು. ಮುಂದೆ ಹೀಗಾಗದಂತೆ ಸೂಕ್ತ ಕ್ರಮ ಕೈಗೊಳ್ಳಲಾಗುವುದು.’ ದಿನಾಂಕದ ಕಲಮಿನಲ್ಲಿ ‘ಶೀಘ್ರದಲ್ಲೇ’.

ಈ ನಾಲ್ಕು ವಾಕ್ಯಗಳನ್ನು ಹಾಗೆಯೇ ಎತ್ತಿ, ಅವಧಿ ಮೀರಿದ ಅಗ್ನಿಶಾಮಕ ಸಿಲಿಂಡರಿನ ಎನ್‌ಸಿಗೆ ಅಂಟಿಸಿ ನೋಡಿ. ಅಲ್ಲೂ ಹೊಂದುತ್ತವೆ. ಕ್ಯಾಂಟೀನಿನ ನೀರಿನ ಟ್ಯಾಂಕಿಗೂ ಹೊಂದುತ್ತವೆ. ಆಡಿಟರ್ ತಕರಾರು ಇದೇ. ‘ಲಾಗುವುದು’ ಎಂಬ ಬಾಲ ನಮ್ಮ ಕಚೇರಿಗಳಿಗೆ ಬಹಳ ಪ್ರಿಯವಾದದ್ದು. ಅದನ್ನು ಸೇರಿಸಿದೊಡನೆ ಕೆಲಸ ಮಾಡುವವನು ವಾಕ್ಯದಿಂದ ಎದ್ದು ಹೋಗುತ್ತಾನೆ, ಅವನ ಹಿಂದೆಯೇ ತಾರೀಖೂ ಹೋಗುತ್ತದೆ. ಇಂಗ್ಲಿಷಿನಲ್ಲಿ ಬರೆದರೂ ನಾವು ಅದೇ ಬಾಲವನ್ನು ಹುಡುಕಿ ಹಚ್ಚುತ್ತೇವೆ. ಆದ್ದರಿಂದ ಮೊದಲ ಕೆಲಸವಾಗಿ ನಿಮ್ಮ ಕರಡಿನಲ್ಲಿ ಅಂಥ ಕ್ರಿಯಾಪದಗಳನ್ನೆಲ್ಲ ಕೆಂಪು ಶಾಯಿಯಲ್ಲಿ ಸುತ್ತಿ, ಒಂದೊಂದರ ಎದುರೂ ‘ಯಾರು, ಎಂದು’ ಎಂದು ಬರೆದುಕೊಳ್ಳಿ. ಉತ್ತರ ಸಿಗದ ಕಡೆ, ನೀವು ಇನ್ನೂ ಯೋಚಿಸಿಯೇ ಇಲ್ಲ ಎಂದರ್ಥ.

ಆದರೆ ತಾರೀಖುಗಳನ್ನು ತುಂಬುವ ಮೊದಲು ಕಾರಣ ಸಿಗಬೇಕು. ತಪ್ಪು ಕಾರಣಕ್ಕೆ ಎಷ್ಟು ಚೆಂದದ ತಾರೀಖು ಕೊಟ್ಟರೂ ಉಪಯೋಗವಿಲ್ಲ.

‘ನಿರ್ಲಕ್ಷ್ಯ’ ಎಂದು ಬರೆದಿದ್ದೀರಿ. ನಾನು ಇಂಥ ಉತ್ತರ ನೋಡಿದಾಗ ಕೇಳುವ ಪ್ರಶ್ನೆ ಒಂದೇ: ಕ್ಯಾಲಿಬ್ರೇಶನ್‌ಗೆ ಉಪಕರಣ ಒಟ್ಟುಮಾಡುವ ಹುಡುಗನ ಜಾಗದಲ್ಲಿ ತುಂಬ ಜಾಗರೂಕನಾದ ಇನ್ನೊಬ್ಬನನ್ನು ಕೂರಿಸಿದ್ದರೆ ಇದು ತಪ್ಪುತ್ತಿತ್ತೇ? ಅದಕ್ಕೇ ನಿಮಗೆ ಫೋನು ಮಾಡಿದ್ದು. ನೀವು ಹೇಳಿದ್ದನ್ನು ಕ್ರಮವಾಗಿ ಜೋಡಿಸಿದರೆ ಕಥೆ ಬೇರೆಯೇ ಆಗುತ್ತದೆ.

ಈ ಮೈಕ್ರೋಮೀಟರ್ ಮೊದಲು ಲೇತ್ ವಿಭಾಗದಲ್ಲಿತ್ತು. ಏಪ್ರಿಲ್ 28ರಂದು ತಪಾಸಣೆ ಮೇಜಿನ ಮೈಕ್ರೋಮೀಟರ್ ಕೆಳಗೆ ಬಿದ್ದು ಹಾಳಾದಾಗ ಇದನ್ನು ಅಲ್ಲಿಗೆ ಒಯ್ದರು. ಎಲ್ಲೂ ಬರೆದಿಡಲಿಲ್ಲ. ಪ್ರತಿ ತಿಂಗಳ ಮೊದಲ ಕೆಲಸದ ದಿನ ನಿಮ್ಮ ಕಂಪ್ಯೂಟರಿನಲ್ಲಿರುವ ಎಕ್ಸೆಲ್ ಪಟ್ಟಿಯಿಂದ ಆ ತಿಂಗಳು ಲ್ಯಾಬಿಗೆ ಹೋಗಬೇಕಾದ ಉಪಕರಣಗಳ ಹಾಳೆ ಮುದ್ರಿಸುತ್ತೀರಿ. ಮೇ ಹಾಳೆಯಲ್ಲಿ ಇದು ಇತ್ತು. ಹಾಳೆ ಹಿಡಿದು ಹೊರಟ ಹುಡುಗ ಲೇತ್ ವಿಭಾಗಕ್ಕೆ ಹೋಗಿ ಹುಡುಕಿದ, ಕಾಣಲಿಲ್ಲ, ಎದುರಿಗೆ ಪೆನ್ಸಿಲಿನಲ್ಲಿ ‘ಸಿಗಲಿಲ್ಲ’ ಎಂದು ಬರೆದ. ಅವನು ಮಾಡಬೇಕಾದ್ದನ್ನು ಮಾಡಿದ್ದಾನೆ. ಹಾಗಾದರೆ ಜೂನ್ ಹಾಳೆಯಲ್ಲಿ ಅದು ಮತ್ತೆ ಯಾಕೆ ಬರಲಿಲ್ಲ? ಜುಲೈ, ಆಗಸ್ಟ್ ಹಾಳೆಗಳಲ್ಲಿ? ಈ ಪ್ರಶ್ನೆಗೆ ನೀವು ಸ್ವಲ್ಪ ಹೊತ್ತು ಸುಮ್ಮನಾದಿರಿ, ಆಮೇಲೆ ಎಕ್ಸೆಲ್ ತೆರೆದು ಸೂತ್ರ ಓದಿ ಹೇಳಿದಿರಿ. ಅವಧಿ ಮುಗಿಯುವ ದಿನ `F` ಕಲಮಿನಲ್ಲಿದೆ:

```
=IF(AND(MONTH(F2)=MONTH(TODAY()),YEAR(F2)=YEAR(TODAY())),"DUE","")
```

ಮೂಲ ಕಾರಣ ಇಲ್ಲಿದೆ. ಈ ಸೂತ್ರ ಕೇಳುವುದು ‘ಇದೇ ತಿಂಗಳು ಅವಧಿ ಮುಗಿಯುತ್ತದೆಯೇ’ ಎಂದು ಮಾತ್ರ. ‘ಆಗಲೇ ಮುಗಿದು ಹೋಗಿದೆಯೇ’ ಎಂದು ಅದು ಕೇಳುವುದೇ ಇಲ್ಲ. ಮೇ ತಿಂಗಳಲ್ಲಿ ಒಮ್ಮೆ ತಪ್ಪಿಸಿಕೊಂಡ ಉಪಕರಣ ಜೂನ್ 1ಕ್ಕೆ ಪಟ್ಟಿಯಿಂದಲೇ ಮಾಯ. ಅದು ಮತ್ತೆ ತಲೆ ತೋರಿಸುವುದು ಆಡಿಟರ್ ಕೈಗೆ ಸಿಕ್ಕಾಗಲೇ. ಎಷ್ಟೇ ಜಾಗರೂಕ ಹುಡುಗನಿಗೂ ಇಲ್ಲದ ಸಾಲನ್ನು ಓದಲಾಗುವುದಿಲ್ಲ. ಹೀಗಿರುವಾಗ ಅವನಿಗೆ ತರಬೇತಿ ಕೊಟ್ಟರೆ ಅವನು ಇನ್ನೂ ಚೆನ್ನಾಗಿ ‘ಸಿಗಲಿಲ್ಲ’ ಎಂದು ಬರೆಯುತ್ತಾನೆ, ಅಷ್ಟೆ.

ತಿದ್ದುಪಡಿ ಸಣ್ಣದು:

```
=IF(NOT(ISNUMBER(F2)),"CHECK",IF(F2<=EOMONTH(TODAY(),0),"DUE",""))
```

ಈ ತಿಂಗಳ ಕೊನೆಯವರೆಗೆ ಮುಗಿಯುವುದೆಲ್ಲ, ಹಿಂದೆಂದೋ ಮುಗಿದದ್ದೂ ಸೇರಿ, ಪಟ್ಟಿಗೆ ಬರುತ್ತದೆ. ಲ್ಯಾಬಿನಿಂದ ವಾಪಸ್ ಬಂದು ಹೊಸ ದಿನಾಂಕ ನಮೂದಾಗುವವರೆಗೂ ಅದು ಪಟ್ಟಿ ಬಿಟ್ಟು ಕದಲುವುದಿಲ್ಲ. `CHECK` ಎಂಬುದನ್ನು ಯಾಕೆ ಸೇರಿಸಿದೆನೆಂದರೆ, ನಮ್ಮಲ್ಲಿ ದಿನಾಂಕವನ್ನು 14.05.2025 ಎಂದು ಚುಕ್ಕೆ ಇಟ್ಟು ಬರೆಯುವ ರೂಢಿ. ಬಹಳಷ್ಟು ಕಂಪ್ಯೂಟರುಗಳಲ್ಲಿ ಎಕ್ಸೆಲ್ ಇದನ್ನು ದಿನಾಂಕವೆಂದು ತಿಳಿಯದೆ ಬರೀ ಅಕ್ಷರವೆಂದು ಇಟ್ಟುಕೊಳ್ಳುತ್ತದೆ. ಹೋಲಿಸುವಾಗ ಅಕ್ಷರ ಯಾವ ಸಂಖ್ಯೆಗಿಂತಲೂ ದೊಡ್ಡದು ಎಂಬುದು ಅದರ ಲೆಕ್ಕ. ಹಾಗಾಗಿ ಆ ಸಾಲು ಎಂದೆಂದಿಗೂ ‘ಇನ್ನೂ ಸಮಯವಿದೆ’ ಎಂದೇ ನಟಿಸುತ್ತಿರುತ್ತದೆ. ಒಂದು ರಂಧ್ರ ಮುಚ್ಚಿ ಇನ್ನೊಂದನ್ನು ಕೊರೆಯುವುದು ಬೇಡ.

ಫೋನಿನಲ್ಲಿರುವಾಗಲೇ ನೀವು ಈ ಸೂತ್ರ ಹಾಕಿದಿರಿ. ‘ಸರ್, ಇನ್ನೂ ಮೂರು ಕಾಣಿಸುತ್ತಿವೆ’ ಎಂದಾಗ ನಿಮ್ಮ ದನಿ ಇಳಿದಿತ್ತು. ಒಂದು ವರ್ನಿಯರ್, ಒಂದು ಪ್ಲಗ್ ಗೇಜ್, ಒಂದು ಡಯಲ್ ಗೇಜ್. ಅವುಗಳನ್ನು ಉತ್ತರದಲ್ಲಿ ಬರೆಯಬೇಕೇ ಎಂದು ಕೇಳಿದಿರಿ. ಬರೆಯಲೇಬೇಕು. ಐಎಸ್ಒ 9001ರ ಕಲಮು 10.2 ಇಂಥದೇ ದೋಷ ಬೇರೆಡೆಯೂ ಇದೆಯೇ ಎಂದು ಹುಡುಕಲು ಹೇಳುತ್ತದೆ, ನೀವು ಹುಡುಕಿದ್ದೀರಿ. ಅದೂ ಅಲ್ಲದೆ, ಸೂತ್ರದಲ್ಲಿ ದೋಷವಿತ್ತು ಎಂಬ ನಿಮ್ಮ ಮಾತಿಗೆ ಆ ಮೂರಕ್ಕಿಂತ ದೊಡ್ಡ ಸಾಕ್ಷಿ ಬೇರೆ ಇಲ್ಲ. ಬರೀ ನಿರ್ಲಕ್ಷ್ಯವೇ ಕಾರಣವಾಗಿದ್ದರೆ ಒಂದು ತಪ್ಪುತ್ತಿತ್ತು, ಹೀಗೆ ಒಂದೇ ರೀತಿಯಲ್ಲಿ ನಾಲ್ಕು ತಪ್ಪುತ್ತಿರಲಿಲ್ಲ. ಮುಚ್ಚಿಟ್ಟು ಮುಂದಿನ ವರ್ಷದ ಆಡಿಟ್‌ನಲ್ಲಿ ಸಿಕ್ಕಿಬಿದ್ದರೆ ‘ಕಳೆದ ಬಾರಿಯ ಕ್ರಮ ಫಲಿಸಿಲ್ಲ’ ಎಂದಾಗುತ್ತದೆ, ಆಗ ಮೈನರ್ ಎಂಬುದು ಸಾಮಾನ್ಯವಾಗಿ ಮೇಜರ್‌ಗೆ ಏರುತ್ತದೆ.

ಕಾರಣದ ಇನ್ನೊಂದು ಎಳೆಯನ್ನೂ ಬಿಡಬೇಡಿ. ಪಟ್ಟಿ ತಪ್ಪಿದರೂ ಉಪಕರಣದ ಮೈಮೇಲೆ ಸ್ಟಿಕ್ಕರ್ ಇತ್ತಲ್ಲ, ನಾಲ್ಕು ತಿಂಗಳು ಯಾರ ಕಣ್ಣಿಗೂ ಯಾಕೆ ಬೀಳಲಿಲ್ಲ? ಉಪಕರಣ ಒಂದು ವಿಭಾಗದಿಂದ ಇನ್ನೊಂದಕ್ಕೆ ಹೋಗುವಾಗ ಸ್ಟಿಕ್ಕರ್ ನೋಡಬೇಕಾದ ಹಂತವೇ ನಿಮ್ಮಲ್ಲಿ ಇಲ್ಲ. ದೋಷ ಹುಟ್ಟಿದ್ದಕ್ಕೆ ಒಂದು ಕಾರಣ, ಹುಟ್ಟಿದ ದೋಷ ಸಿಕ್ಕಿಬೀಳದೆ ಉಳಿದದ್ದಕ್ಕೆ ಇನ್ನೊಂದು. ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ‘ಐದು ಬಾರಿ ಯಾಕೆ ಎಂದು ಕೇಳಬೇಕು’ ಎಂಬುದನ್ನು ಕೆಲವರು ಮಂತ್ರದಂತೆ ಹಿಡಿದು, ಐದನೆಯ ಸಾಲು ತುಂಬಲು ‘ಆಡಳಿತ ಮಂಡಳಿಯ ಬದ್ಧತೆಯ ಕೊರತೆ’ಯವರೆಗೂ ಹೋಗಿ ಮುಟ್ಟುತ್ತಾರೆ. ನಿಮ್ಮ ಕೈಯಿಂದ ಬದಲಿಸಬಹುದಾದ, ಬದಲಿಸಿದರೆ ದೋಷ ನಿಲ್ಲುವ ಜಾಗ ಮೂರನೆಯ ಪ್ರಶ್ನೆಗೇ ಸಿಕ್ಕಿತೆಂದರೆ ಅಲ್ಲೇ ನಿಲ್ಲಿ.

ಈಗ ನಿಮ್ಮ ಉತ್ತರದಲ್ಲಿ ಪೂರ್ತಿ ಬಿಟ್ಟುಹೋಗಿರುವ ಭಾಗಕ್ಕೆ ಬರುತ್ತೇನೆ. ನನ್ನ ಮಟ್ಟಿಗೆ ಅತಿ ಗಂಭೀರವಾದದ್ದು ಇದೇ. ಆ ನಾಲ್ಕು ತಿಂಗಳು ಆ ಮೈಕ್ರೋಮೀಟರಿನಿಂದ ಅಳೆದು ‘ಸರಿಯಿದೆ’ ಎಂದು ಕಳುಹಿಸಿದ ಮಾಲಿನ ಗತಿ ಏನು? ಉಪಕರಣ ಸರಿಯಿಲ್ಲವೆಂದು ಗೊತ್ತಾದಾಗ ಹಿಂದಿನ ಅಳತೆಗಳ ಮೇಲೆ ಪರಿಣಾಮವಾಗಿದೆಯೇ ಎಂದು ನೋಡಬೇಕೆಂದು ಕಲಮು 7.1.5.2 ನೇರವಾಗಿಯೇ ಹೇಳುತ್ತದೆ.

ಅದೃಷ್ಟಕ್ಕೆ, ಆಡಿಟ್ ಆದಮೇಲೆ ಅದನ್ನು ಲ್ಯಾಬಿಗೆ ಕಳುಹಿಸುವಾಗ ‘ಸರಿಪಡಿಸುವ ಮೊದಲಿನ ಅಳತೆಯನ್ನೂ ಕೊಡಿ’ ಎಂದು ನೀವು ಕೇಳಿದ್ದಿರಿ. ಬಹಳ ಮಂದಿ ಇದನ್ನು ಕೇಳುವುದಿಲ್ಲ. ಲ್ಯಾಬಿನವರು ಶೂನ್ಯ ಹೊಂದಿಸಿ, ಅಳೆದು, ಚೊಕ್ಕ ಪ್ರಮಾಣಪತ್ರ ಕೊಟ್ಟುಬಿಡುತ್ತಾರೆ. ಉಪಕರಣ ಹಿಂದೆ ಎಷ್ಟು ತಪ್ಪು ಹೇಳುತ್ತಿತ್ತು ಎಂಬುದು ಅಲ್ಲಿಗೆ ಅಳಿಸಿಹೋಗುತ್ತದೆ. ನಿಮ್ಮ ಸೆಪ್ಟೆಂಬರ್ 18ರ ಪ್ರಮಾಣಪತ್ರದಲ್ಲಿ 20.2 ಮಿಲಿಮೀಟರಿನ ಬ್ಲಾಕ್ ಇಟ್ಟಾಗ ಅದು 20.206 ತೋರಿಸಿತ್ತು ಎಂದಿದೆ. ಅಂದರೆ 6 ಮೈಕ್ರಾನ್ ಹೆಚ್ಚು ಹೇಳುತ್ತಿತ್ತು. ನೀವೇ ಇಟ್ಟುಕೊಂಡ ಮಿತಿ 4 ಮೈಕ್ರಾನ್.

ನಿಮ್ಮ ಶಾಫ್ಟಿನ ವ್ಯಾಸ 19.979ರಿಂದ 20.000 ಮಿಲಿಮೀಟರ್ ಒಳಗಿರಬೇಕು. ಮೈಕ್ರೋಮೀಟರ್ 6 ಮೈಕ್ರಾನ್ ಹೆಚ್ಚು ತೋರಿಸಿದರೆ 19.983 ಎಂದು ಬರೆದ ಶಾಫ್ಟ್ ನಿಜಕ್ಕೂ 19.977, ಅಂದರೆ ಮಿತಿಗಿಂತ ಸಣ್ಣದು. ಹೀಗೆ ಲೆಕ್ಕ ಹಾಕಿದರೆ ದಾಖಲೆಯಲ್ಲಿ 19.979ರಿಂದ 19.984ರವರೆಗೆ ಇರುವ ಅಳತೆಗಳು ಮಾತ್ರ ಅನುಮಾನದವು. 19.985 ಮತ್ತು ಅದರ ಮೇಲಿನವು ನಿಜದಲ್ಲಿ 19.979ಕ್ಕೆ ಕಡಿಮೆ ಇರಲಾರವು. ಮೇಲಿನ ತುದಿಯಲ್ಲಿ ಭಯವಿಲ್ಲ, ಅಲ್ಲಿ ಈ ದೋಷ ಒಳ್ಳೆಯ ಮಾಲನ್ನು ತಿರಸ್ಕರಿಸಿರಬಹುದೇ ಹೊರತು ಕೆಟ್ಟದ್ದನ್ನು ಬಿಟ್ಟಿರುವುದಿಲ್ಲ. ನೀವು ಪ್ರತಿ ಲಾಟಿನಲ್ಲಿ ಐದೇ ಶಾಫ್ಟ್ ಅಳೆಯುವುದರಿಂದ, ಐದರಲ್ಲಿ ಒಂದು ಈ ಅನುಮಾನದ ವ್ಯಾಪ್ತಿಯಲ್ಲಿ ಬಿದ್ದರೂ ಇಡೀ ಲಾಟನ್ನು ಅನುಮಾನದ್ದೆಂದೇ ಹಿಡಿಯಿರಿ.

ಎಂದಿನಿಂದ ನೋಡಬೇಕು? ಎಲ್ಲರೂ ಅವಧಿ ಮುಗಿದ ದಿನದಿಂದ, ಅಂದರೆ ಮೇ 14ರಿಂದ ಶುರುಮಾಡುತ್ತಾರೆ. ಅದು ತಪ್ಪು. ಸ್ಟಿಕ್ಕರ್ ಮೇಲಿನ ತಾರೀಖು ದಾಟಿದ ರಾತ್ರಿಯೇ ಉಪಕರಣ ಕೆಡುವುದಿಲ್ಲ. ಕೊನೆಯ ಬಾರಿ ಅದು ಸರಿಯಿತ್ತೆಂದು ಗೊತ್ತಿರುವುದು 2024ರ ಮೇ ತಿಂಗಳ ಕ್ಯಾಲಿಬ್ರೇಶನ್ ದಿನ, ಆಮೇಲೆ ಎಂದು ಬೇಕಾದರೂ ಕೆಟ್ಟಿರಬಹುದು. ಆದ್ದರಿಂದ ಅನುಮಾನ ಹುಟ್ಟುವುದು ಅಲ್ಲಿಂದಲೇ. ಆದರೆ ನಿಮಗೆ ಒಂದು ಅನುಕೂಲವಿದೆ. 2025ರ ಏಪ್ರಿಲ್ 28ರವರೆಗೆ ಅದು ಲೇತ್ ವಿಭಾಗದಲ್ಲಿತ್ತು, ಅಲ್ಲಿ ಅಳೆದ ಶಾಫ್ಟ್‌ಗಳನ್ನು ಅಂತಿಮ ತಪಾಸಣೆಯಲ್ಲಿ ಬೇರೆ ಮೈಕ್ರೋಮೀಟರಿನಿಂದ ಮತ್ತೆ ಅಳೆದೇ ಕಳುಹಿಸಿದ್ದೀರಿ. ಆ ಇನ್ನೊಂದರ ಪ್ರಮಾಣಪತ್ರ ಆಗ ಜಾರಿಯಲ್ಲಿದ್ದುದನ್ನು ತೋರಿಸಿದರೆ, ಏಪ್ರಿಲ್ 28ರಿಂದ ಸೆಪ್ಟೆಂಬರ್ 10ರವರೆಗಿನ ದಾಖಲೆ ನೋಡಿದರೆ ಸಾಕು. ಅವಧಿಯನ್ನು ಕುಗ್ಗಿಸಬಹುದು, ಕುಗ್ಗಿಸಿದ್ದಕ್ಕೆ ಕಾರಣ ಬರೆಯಬೇಕು.

ಇನ್ನು ತಾರೀಖು. ‘ತಕ್ಷಣ’, ‘ನಿರಂತರ’, ‘ಮುಂದಿನ ತ್ರೈಮಾಸಿಕದಲ್ಲಿ’ ಎಂಬವು ತಾರೀಖುಗಳಲ್ಲ. ಹಾಗೆಂದು ಎಲ್ಲ ಸಾಲಿಗೂ ಅಕ್ಟೋಬರ್ 10 ಎಂದು ಕೊನೆಯ ದಿನವನ್ನೇ ಹಾಕುವುದೂ ಅದೇ ಜಾತಿಯ ಕಳ್ಳಾಟ. ತಾರೀಖು ಕೆಲಸದಿಂದ ಹುಟ್ಟಬೇಕು. ನಿಮ್ಮ ಲ್ಯಾಬಿನವರು ಬುಧವಾರ ಮಾತ್ರ ಬಂದು ಒಯ್ಯುತ್ತಾರೆ, ವಾಪಸ್ ಕೊಡಲು ಏಳು ಕೆಲಸದ ದಿನ ಬೇಕು ಎಂದಿರಿ. ಆ ಮೂರು ಉಪಕರಣಗಳು ಸೆಪ್ಟೆಂಬರ್ 24ರಂದು ಹೋದವು. ನಡುವೆ ಅಕ್ಟೋಬರ್ 1 ಆಯುಧಪೂಜೆ, 2 ವಿಜಯದಶಮಿ. ಅವನ್ನು ಕಳೆದು ಎಣಿಸಿದರೆ ವಾಪಸ್ ಬರುವುದು ಅಕ್ಟೋಬರ್ 4 ಅಥವಾ 6. ನೀವು 7 ಎಂದು ಬರೆಯಿರಿ. ಹೀಗೆ ಹುಟ್ಟಿದ ತಾರೀಖನ್ನು ಆಡಿಟರ್ ಕೆದಕಿದರೂ ಅದು ಅಲುಗಾಡುವುದಿಲ್ಲ.

ಆಯುಧಪೂಜೆಯಿಂದ ನಿಮಗೆ ಇನ್ನೊಂದು ಉಪಕಾರವಿದೆ. ಕಾರ್ಖಾನೆಯ ಮೂಲೆ ಮೂಲೆಯಲ್ಲಿರುವ ವರ್ನಿಯರ್, ಮೈಕ್ರೋಮೀಟರ್, ಗೇಜುಗಳೆಲ್ಲ ತಾವಾಗಿಯೇ ಒಂದೇ ಮೇಜಿಗೆ ಬರುವ ದಿನ ವರ್ಷಕ್ಕೆ ಅದೊಂದೇ. ಸೆಪ್ಟೆಂಬರ್ 30ರ ಸಂಜೆ ಎಲ್ಲವನ್ನೂ ಒರೆಸಿ ಜೋಡಿಸುತ್ತೀರಲ್ಲ, ಅರಿಶಿನ ಕುಂಕುಮ ಹಚ್ಚುವ ಮೊದಲು 64 ಉಪಕರಣಗಳನ್ನು ಪಟ್ಟಿಯೊಂದಿಗೆ ತಾಳೆ ನೋಡಿ. ಪಟ್ಟಿಯಲ್ಲಿದ್ದು ಮೇಜಿನಲ್ಲಿಲ್ಲದ್ದು ಯಾವುದು, ಮೇಜಿನಲ್ಲಿದ್ದು ಪಟ್ಟಿಯಲ್ಲಿಲ್ಲದ್ದು ಯಾವುದು, ಎರಡನ್ನೂ ಬರೆದುಕೊಳ್ಳಿ. ಎರಡನೆಯ ಬಗೆಯದು ಸಿಕ್ಕರೆ ಸೂತ್ರ ಎಷ್ಟು ಸರಿಯಿದ್ದರೂ ಪ್ರಯೋಜನವಿರಲಿಲ್ಲ ಎಂದು ತಿಳಿಯುತ್ತದೆ, ಕಾರಣದ ಪಟ್ಟಿಗೆ ಇನ್ನೊಂದು ಸಾಲು ಸೇರುತ್ತದೆ.

ಇಷ್ಟು ಕೈಯಲ್ಲಿಟ್ಟುಕೊಂಡು ನಿಮ್ಮ ಉತ್ತರವನ್ನು ಹೀಗೆ ತಿರುಗಿ ಬರೆಯುತ್ತೇನೆ:

ತಕ್ಷಣದ ತಿದ್ದುಪಡಿ: ಸೆಪ್ಟೆಂಬರ್ 10ರಂದೇ ತಪಾಸಣಾ ಮೇಲ್ವಿಚಾರಕರು ಮೈಕ್ರೋಮೀಟರನ್ನು ಬಳಕೆಯಿಂದ ತೆಗೆದು ಕೆಂಪು ಚೀಟಿ ಕಟ್ಟಿದರು (ಮುಗಿದಿದೆ). ಕ್ಯಾಲಿಬ್ರೇಶನ್ 18ರಂದು ಆಯಿತು, 20.2 ಮಿ.ಮೀ. ಬಳಿ 6 ಮೈಕ್ರಾನ್ ಹೆಚ್ಚಳ ಕಂಡುಬಂದಿದೆ (ಪ್ರಮಾಣಪತ್ರ ಲಗತ್ತು). ಏಪ್ರಿಲ್ 28ರಿಂದ ಸೆಪ್ಟೆಂಬರ್ 10ರವರೆಗಿನ ತಪಾಸಣಾ ವರದಿಗಳಲ್ಲಿ 19.979–19.984 ಅಳತೆ ಇರುವ ಲಾಟ್‌ಗಳನ್ನು ಗುಣಮಟ್ಟ ಮುಖ್ಯಸ್ಥರು ಸೆಪ್ಟೆಂಬರ್ 27ರೊಳಗೆ ಪಟ್ಟಿ ಮಾಡುತ್ತಾರೆ. ಗೋದಾಮಿನಲ್ಲಿರುವುದನ್ನು 29ರೊಳಗೆ ಒಂದೊಂದಾಗಿ ಮರು ಅಳೆಯುತ್ತೇವೆ. ರವಾನೆಯಾದ ಲಾಟ್‌ಗಳ ವಿವರವನ್ನು ಅದೇ ದಿನ ಗ್ರಾಹಕರಿಗೆ ಲಿಖಿತವಾಗಿ ತಿಳಿಸುತ್ತೇವೆ.

ಮೂಲ ಕಾರಣ: ಮಾಸಿಕ ಪಟ್ಟಿಯ ಸೂತ್ರ ಚಾಲ್ತಿ ತಿಂಗಳ ಉಪಕರಣಗಳನ್ನು ಮಾತ್ರ ಆರಿಸುತ್ತಿತ್ತು, ಒಮ್ಮೆ ತಪ್ಪಿದ್ದು ಮುಂದಿನ ಪಟ್ಟಿಗಳಲ್ಲಿ ಬರುತ್ತಿರಲಿಲ್ಲ. ಇದೇ ಕಾರಣದಿಂದ ಇನ್ನೂ 3 ಉಪಕರಣಗಳ ಅವಧಿ ಮೀರಿರುವುದು ಕಂಡುಬಂದಿದೆ. ಪತ್ತೆಯಾಗದೆ ಉಳಿದ ಕಾರಣ: ಉಪಕರಣವನ್ನು ವಿಭಾಗದಿಂದ ವಿಭಾಗಕ್ಕೆ ಕೊಡುವಾಗ ಸ್ಟಿಕ್ಕರ್ ನೋಡಿ ದಾಖಲಿಸುವ ಹಂತ ಇರಲಿಲ್ಲ.

ಸರಿಪಡಿಸುವ ಕ್ರಮ: ಸೂತ್ರ ಬದಲಾವಣೆ ಮತ್ತು ಶೀಟಿಗೆ ಬೀಗ, ಗುಣಮಟ್ಟ ಮುಖ್ಯಸ್ಥರು, ಸೆಪ್ಟೆಂಬರ್ 26. ಮೂರು ಉಪಕರಣಗಳು ಬಳಕೆಯಿಂದ ಹೊರಗೆ, ಸೆಪ್ಟೆಂಬರ್ 24 (ಮುಗಿದಿದೆ). ಪ್ರಮಾಣಪತ್ರದೊಂದಿಗೆ ವಾಪಸ್, ಅಕ್ಟೋಬರ್ 7. ಅವುಗಳಲ್ಲೂ ದೋಷ ಕಂಡರೆ ಹಿಂದಿನ ಅಳತೆಗಳ ಪರಿಶೀಲನೆ, ಅಕ್ಟೋಬರ್ 9. ಎಲ್ಲ 64 ಉಪಕರಣಗಳ ಎಣಿಕೆ, ಸ್ಟೋರ್ಸ್ ಮೇಲ್ವಿಚಾರಕರು, ಸೆಪ್ಟೆಂಬರ್ 30. ಉಪಕರಣ ಸ್ಥಳಾಂತರದ ರಿಜಿಸ್ಟರ್ ಜಾರಿ, ಕೊಡುವವರ ಸಹಿ ಮತ್ತು ಸ್ಟಿಕ್ಕರ್ ದಿನಾಂಕದ ಕಲಮಿನೊಂದಿಗೆ, ಅಕ್ಟೋಬರ್ 3.

ಇದರಲ್ಲಿ ‘ತರಬೇತಿ’ ಎಂಬ ಪದವೇ ಇಲ್ಲ, ಗಮನಿಸಿದಿರಾ? ರಿಜಿಸ್ಟರ್ ಬರೆಯುವುದು ಹೇಗೆಂದು ಸ್ಟೋರ್ಸ್‌ನವರಿಗೆ ಹೇಳಿಕೊಡುತ್ತೀರಿ, ಸರಿ. ಆದರೆ ಅದು ರಿಜಿಸ್ಟರಿನ ಜೊತೆಗೆ ಬರುವ ಕೆಲಸ, ತಾನೇ ಒಂದು ಕ್ರಮವಲ್ಲ.

ಉಳಿದದ್ದು, ಈ ಕ್ರಮ ಫಲಿಸಿತೇ ಎಂದು ನೋಡುವುದು. ಇಲ್ಲಿ ಕೂಡ ‘ಮೂರು ತಿಂಗಳು ಗಮನಿಸಲಾಗುವುದು’ ಎಂದು ಹಳೆಯ ಚಾಳಿಗೆ ಮರಳಬೇಡಿ. ಸೂತ್ರ ಬದಲಾದ ಮೇಲೆ ಮುದ್ರಣವಾಗುವ ಮೊದಲ ಮೂರು ಪಟ್ಟಿಗಳು ಅಕ್ಟೋಬರ್ 3, ನವೆಂಬರ್ 3 ಮತ್ತು ಡಿಸೆಂಬರ್ 1ರವು. ನವೆಂಬರ್ 1 ರಾಜ್ಯೋತ್ಸವ, ಶನಿವಾರ, ಆದ್ದರಿಂದ 3. ಅಕ್ಟೋಬರ್ ಪಟ್ಟಿಯಲ್ಲಿ ಬಂದ ಯಾವ ಉಪಕರಣ ಲ್ಯಾಬಿಗೆ ಹೋಗದೆ ಉಳಿದಿದೆಯೋ ಅದು ನವೆಂಬರ್ ಪಟ್ಟಿಯಲ್ಲಿ ಮತ್ತೆ ಬಂದಿದೆಯೇ ನೋಡಿ. ಯಾವುದೂ ಉಳಿದಿಲ್ಲವಾದರೆ ಪಟ್ಟಿಯ ನಕಲಿನಲ್ಲಿ ಒಂದು ಸಾಲಿಗೆ ಹಳೆಯ ದಿನಾಂಕ ಕೊಟ್ಟು ಪರೀಕ್ಷಿಸಿ, ಮೂಲ ಪಟ್ಟಿಯನ್ನು ಮುಟ್ಟಬೇಡಿ. ಜೊತೆಗೆ ಡಿಸೆಂಬರ್ 5ರಂದು ಗುಣಮಟ್ಟ ವಿಭಾಗಕ್ಕೆ ಸೇರದ ಯಾರಾದರೊಬ್ಬರು, ಲೆಕ್ಕಪತ್ರದವರೇ ಆಗಲಿ, ಮುನ್ಸೂಚನೆಯಿಲ್ಲದೆ ಶಾಪಿನಲ್ಲಿ ಹತ್ತು ಉಪಕರಣ ಎತ್ತಿ ಸ್ಟಿಕ್ಕರ್ ಓದಲಿ. ಹತ್ತರಲ್ಲಿ ಒಂದಾದರೂ ಅವಧಿ ಮೀರಿದ್ದರೆ ಕ್ರಮ ಫಲಿಸಿಲ್ಲ ಎಂದೇ ಬರೆದು ಕಾರಣವನ್ನು ಮತ್ತೆ ತೆರೆಯಬೇಕು. ಇದನ್ನು ಉತ್ತರದಲ್ಲೇ ಮೊದಲೇ ಹೇಳಿಬಿಡಿ.

ಯಾವುದಾದರೂ ತಾರೀಖು ತಪ್ಪಬಹುದು. ಹಬ್ಬದ ಮರುದಿನ ಲ್ಯಾಬಿನ ಗಾಡಿ ಬರದೇ ಹೋಗಬಹುದು. ಆ ತಾರೀಖು ದಾಟುವ ಮೊದಲೇ, ಎಂದರೆ 7ಕ್ಕಿಂತ ಮುಂಚೆ, ಹೊಸ ತಾರೀಖನ್ನೂ ಕಾರಣವನ್ನೂ ಒಂದೇ ಸಾಲಿನಲ್ಲಿ ಆಡಿಟರ್‌ಗೆ ಬರೆಯಿರಿ. ಹಳೆಯ ತಾರೀಖನ್ನು ಅಳಿಸಬೇಡಿ, ಗೀಟು ಹಾಕಿ ಪಕ್ಕದಲ್ಲಿ ಹೊಸದನ್ನು ಬರೆಯಿರಿ.

ಕೊನೆಗೆ ಲಗತ್ತುಗಳು. ಪ್ರಮಾಣಪತ್ರ, ಹಳೆಯ ಮತ್ತು ಹೊಸ ಸೂತ್ರ ಕಾಣುವ ಪರದೆಯ ಚಿತ್ರ, ಸೆಪ್ಟೆಂಬರ್ 30ರ ಎಣಿಕೆಯ ಹಾಳೆ. ಇವುಗಳ ಮೇಲೆ ಇಡಬೇಕಾದ್ದು ಮೇ ತಿಂಗಳ ಆ ಹಾಳೆ. ಪೆನ್ಸಿಲಿನಲ್ಲಿ ‘ಸಿಗಲಿಲ್ಲ’ ಎಂದಿದೆಯಲ್ಲ, ಅದು ಚೆನ್ನಾಗಿ ಕಾಣುವಂತೆ ಸ್ಕ್ಯಾನ್ ಮಾಡಿಸಿ. ಆ ಹುಡುಗನಿಗೆ ಮೆಮೊ ಕೊಟ್ಟಿದ್ದೀರಿ ಎಂದಿರಿ. ಉತ್ತರ ಕಳುಹಿಸುವ ಮೊದಲು ಅದನ್ನು ವಾಪಸ್ ಪಡೆಯಿರಿ.